ಲಾರಿಗಿಂತ ಮೊದಲು ತಲುಪಬೇಕಾದ ಪಟ್ಟಿ

"ಗಾಡಿ ಬಿಟ್ಟೈತ್ರೀ ಸರ, ಮುಂಜಾನೆ ಬರತೈತಿ." ಹುಬ್ಬಳ್ಳಿಯ ಕಾರ್ಖಾನೆಯಿಂದ ಸಂಜೆ ಇಂಥದೊಂದು ಫೋನು ಬಂದರೆ ನೆಲಮಂಗಲದ ಗೋದಾಮಿನ ಸೂಪರ್‌ವೈಸರ್‌ಗೆ ಸಿಕ್ಕ ಮಾಹಿತಿ ಎಷ್ಟು? ಲಾರಿ ಬರುತ್ತದೆ ಎನ್ನುವುದಷ್ಟೇ. ನಾಳೆ ಎಷ್ಟು ಹಮಾಲಿಗಳನ್ನು ಕರೆಯಬೇಕು, ಯಾವ ಡಾಕ್ ಖಾಲಿ ಇಡಬೇಕು, ಇಳಿಸಿದ ಸರಕಿಗೆ ನೆಲ ಎಷ್ಟು ಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಆ ಉತ್ತರಗಳನ್ನು ಹೊತ್ತು ತರುವ ಪತ್ರವೇ ಅಡ್ವಾನ್ಸ್ ಶಿಪ್ಪಿಂಗ್ ನೋಟಿಸ್. ಗೋದಾಮಿನವರ ಬಾಯಲ್ಲಿ ಎಎಸ್‌ಎನ್. ದೊಡ್ಡ ಕಂಪನಿಗಳಲ್ಲಿ ಇದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನಾಗಿಯೇ ಹೋಗುತ್ತದೆ. ಸಣ್ಣ ಸರಬರಾಜುದಾರರಿಗೆ ಒಂದು ಎಕ್ಸೆಲ್ ಹಾಳೆ ಸಾಕು.

ಹುಬ್ಬಳ್ಳಿಯ ಆ ಲಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. 32 ಅಡಿಯ ಕಂಟೇನರ್ ಗಾಡಿ, ಒಳಗೆ ಪ್ಲಾಸ್ಟಿಕ್ ಡಬ್ಬಿ, ಬಾಟಲಿಗಳ 1,200 ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಗಳನ್ನು ಪ್ಯಾಲೆಟ್ ಮೇಲೆ ಜೋಡಿಸಿ ಕಳಿಸಿದ್ದರೆ, ಪ್ಯಾಲೆಟ್ಟಿಗೆ 40ರಂತೆ 30 ಪ್ಯಾಲೆಟ್. ಒಂದಕ್ಕೆ ಮೂರು ನಿಮಿಷ ಹಿಡಿದರೂ ಒಬ್ಬ ಫೋರ್ಕ್‌ಲಿಫ್ಟ್ ಚಾಲಕ ಒಂದೂವರೆ ಗಂಟೆಯಲ್ಲಿ ಮುಗಿಸುತ್ತಾನೆ. ಬಿಡಿಯಾಗಿ ತುಂಬಿದ್ದರೆ ಲೆಕ್ಕವೇ ಬೇರೆ. ನಾಲ್ವರು ಹಮಾಲಿಗಳು ಸೇರಿ ಗಂಟೆಗೆ 400 ಪೆಟ್ಟಿಗೆ ಇಳಿಸಿದರೂ ಮೂರು ಗಂಟೆ ಬೇಕು. ನಾಲ್ಕು ಬಗೆಯ ಮಾಲು ಬೆರೆತು ಬಂದಿದ್ದರಂತೂ ವಿಂಗಡಿಸುವುದಕ್ಕೆ ಇನ್ನೊಂದೆರಡು ಗಂಟೆ. ಅದೇ ಮಾಲು, ಅದೇ ಲಾರಿ. ಆದರೆ ಡಾಕ್ ಒಂದೂವರೆ ಗಂಟೆಯಲ್ಲೂ ಬಿಡಬಹುದು, ಐದು ಗಂಟೆಯಾದರೂ ಬಿಡದಿರಬಹುದು. ಅಷ್ಟು ಹೊತ್ತು ಹಿಂದಿನ ಗಾಡಿಗಳು ಗೇಟಿನಾಚೆ ನಿಲ್ಲುತ್ತವೆ, ಹಾಲ್ಟಿಂಗ್ ಚಾರ್ಜ್ ಏರುತ್ತದೆ.

ಹಾಗಾಗಿ ಬರುವ ಸಮಯಕ್ಕಿಂತಲೂ ನಾನು ಮೊದಲು ಕೇಳುವುದು ಸರಕು ಹೇಗೆ ತುಂಬಿದೆ ಎಂಬುದನ್ನು. ಬಹುಪಾಲು ಮಂದಿ ಇದನ್ನು ಕೇಳುವುದೇ ಇಲ್ಲ. ಇ-ವೇ ಬಿಲ್ ಇದೆಯಲ್ಲ, ಇನ್ನೇನು ಬೇಕು ಎನ್ನುತ್ತಾರೆ. ಅದು ತೆರಿಗೆಗಾಗಿ ಇರುವ ದಾಖಲೆ. ಸರಕಿನ ಮೌಲ್ಯ, ಗಾಡಿ ನಂಬರ್ ಅದರಲ್ಲಿ ಸಿಗುತ್ತವೆ. ಪ್ಯಾಲೆಟ್ಟೋ ಬಿಡಿಯೋ, ಯಾವ ಮಾಲು ಬಾಗಿಲ ಬಳಿ ಇದೆ ಎನ್ನುವುದು ಸಿಗುವುದಿಲ್ಲ. ಸಮಯವನ್ನೂ ಅದರಿಂದ ತಿಳಿಯಲಾಗದು. ಪ್ರತಿ 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಹುಬ್ಬಳ್ಳಿಯ ಬಿಲ್ಲಿಗೆ ಎರಡು ದಿನದ ವಾಯಿದೆ ಇರುತ್ತದೆ, ಲಾರಿಯಾದರೋ ಒಂದೇ ರಾತ್ರಿಯಲ್ಲಿ ಬಂದು ನಿಲ್ಲುತ್ತದೆ.

ಕೇಳುವುದನ್ನು ಪರ್ಚೇಸ್ ಆರ್ಡರ್‌ನಲ್ಲೇ ಬರೆಯಬೇಕು. ಒಂದು ಮಾದರಿ: "ಲೋಡಿಂಗ್ ಮುಗಿದು ಬಾಗಿಲಿಗೆ ಸೀಲ್ ಬಿದ್ದ ಒಂದು ಗಂಟೆಯೊಳಗೆ ತಿಳಿಸಿ: ಆರ್ಡರ್ ನಂಬರ್, ಪ್ರತಿ ಮಾಲಿನ ಕೋಡ್ ಮತ್ತು ಪೆಟ್ಟಿಗೆ ಲೆಕ್ಕ, ಪ್ಯಾಲೆಟ್ ಅಥವಾ ಬಿಡಿ, ಒಟ್ಟು ತೂಕ, ಗಾಡಿಯ ಅಳತೆ ಮತ್ತು ನಂಬರ್, ಚಾಲಕರ ಮೊಬೈಲ್, ಹೊರಟ ಸಮಯ." ಇದಕ್ಕಿಂತ ಹೆಚ್ಚು ಕೇಳಿದರೆ ಡಿಸ್ಪ್ಯಾಚ್ ಗುಮಾಸ್ತರು ಅರ್ಧ ಖಾನೆಗಳನ್ನು ಅಂದಾಜಿನಲ್ಲಿ ತುಂಬಿಬಿಡುತ್ತಾರೆ.

"ಸೀಲ್ ಬಿದ್ದ ಮೇಲೆ" ಎಂಬ ಮಾತನ್ನು ಬಿಡಬಾರದು. ಲೋಡಿಂಗ್‌ಗೆ ಮೊದಲೇ ಕಳಿಸಿದ ಪಟ್ಟಿ ನಮ್ಮದೇ ಆರ್ಡರಿನ ನಕಲಾಗಿರುತ್ತದೆ. 1,200 ಕೇಳಿದ್ದೆವು, 1,200 ಎಂದು ಬರೆದಿದ್ದಾರೆ; ಕಾರ್ಖಾನೆಯಲ್ಲಿ ಒಂದು ಮಾಲು ಮುಗಿದು 1,140 ಮಾತ್ರ ಹೊರಟಿರುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ: ಪಟ್ಟಿ ಬಂದ ಸಮಯವನ್ನು ಗಾಡಿ ಹೊರಟ ಸಮಯದ ಪಕ್ಕ ಇಟ್ಟು ನೋಡಿದರೆ ಸಾಕು. ತುಮಕೂರಿನಂಥ ಹತ್ತಿರದ ಊರಿನಿಂದ ಬರುವ ಸರಕಿಗೆ ಮಾತ್ರ ಈ ಕ್ರಮ ಒಗ್ಗದು. ಪಟ್ಟಿ ಓದಿ ಹಮಾಲಿಗಳನ್ನು ಹೊಂದಿಸುವಷ್ಟರಲ್ಲಿ ಲಾರಿಯೇ ಗೇಟಿಗೆ ಬಂದಿರುತ್ತದೆ. ಅಲ್ಲಿಂದ ಹಿಂದಿನ ಸಂಜೆ ಅಂದಾಜು ಪಟ್ಟಿ, ಹೊರಟ ಮೇಲೆ ತಿದ್ದಿದ ಪಟ್ಟಿ ಎಂದು ಎರಡು ತರಿಸಿಕೊಳ್ಳಬೇಕು.

ಹುಬ್ಬಳ್ಳಿಯ ಪಟ್ಟಿ ರಾತ್ರಿ ಎಂಟಕ್ಕೆ ಬಂತು, "ಬಿಡಿ, ನಾಲ್ಕು ಬಗೆ, 1,200" ಎಂದಿದೆ ಎನ್ನೋಣ. ಸೂಪರ್‌ವೈಸರ್ ಆಗಲೇ ಮೇಸ್ತ್ರಿಗೆ ಹೇಳಿ ನಾಲ್ವರ ಬದಲು ಆರು ಜನರನ್ನು ಗೊತ್ತು ಮಾಡಬಹುದು. ಪ್ಯಾಲೆಟ್‌ನಲ್ಲಿ ಬರುವ ಗಾಡಿಗಳಿಗೆ ಬೆಳಗಿನ ಡಾಕ್ ಕೊಟ್ಟು, ಇದಕ್ಕೆ ಮೂಲೆಯ ಡಾಕನ್ನು ಹನ್ನೊಂದಕ್ಕೆ ಗೊತ್ತುಪಡಿಸಿ ಚಾಲಕನಿಗೆ ತಿಳಿಸಬಹುದು. 30 ಖಾಲಿ ಪ್ಯಾಲೆಟ್ ಹಾಸುವುದಕ್ಕೇ ಹತ್ತಿರ ಹತ್ತಿರ 390 ಚದರಡಿ ನೆಲ ಬೇಕು, ನಡುವಿನ ಓಡಾಟದ ಜಾಗ ಬೇರೆ. ಅದನ್ನೂ ರಾತ್ರಿಯೇ ತೆರವು ಮಾಡಿಸಬಹುದು.

ಪಟ್ಟಿ ಕೈಯಲ್ಲಿದೆ ಎಂದು ಎಣಿಕೆ ಬಿಡುವಂತಿಲ್ಲ. ಎಣಿಸುವವರ ಕೈಗೆ ಸಂಖ್ಯೆಯಿರುವ ಪಟ್ಟಿ ಕೊಟ್ಟರೆ ಅದೇ ಸಂಖ್ಯೆಯನ್ನು ಬರೆದುಕೊಡುವ ಸಂಭವ ಹೆಚ್ಚು. ಅವರಿಗೆ ಮಾಲಿನ ಹೆಸರಷ್ಟೇ ಇರುವ ಖಾಲಿ ಹಾಳೆ ಕೊಡಬೇಕು. ಎರಡನ್ನೂ ಹೋಲಿಸುವುದು ಆಫೀಸಿನಲ್ಲಿ ಆಗಲಿ. ಹೀಗೆ ಕೆಲವು ತಿಂಗಳು ಹೋಲಿಸಿದಾಗ, ಯಾವ ಸರಬರಾಜುದಾರರ ಪಟ್ಟಿ ಪ್ರತಿ ಸಲ ಹೊಂದುತ್ತದೋ ಅವರ ಗಾಡಿಯಲ್ಲಿ ಹತ್ತರಲ್ಲೊಂದು ಪ್ಯಾಲೆಟ್ ಎಣಿಸಿ ರಸೀದಿ ಕೊಡಬಹುದು. ಹೊಂದದವರ ಗಾಡಿಗೆ ಪೂರ್ತಿ ಎಣಿಕೆ ಮುಂದುವರಿಯಬೇಕು, ಎಷ್ಟು ಹೊತ್ತಾದರೂ ಸರಿ.