ಪುಸ್ತಕದ ಹುಳುವಿಗೆ ಯಾವ ಪುಸ್ತಕ?

ಅಕ್ಕನ ಮಗಳಿಗೆ ಹತ್ತು ವರ್ಷ. ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದ ಓದು. ಊಟದ ತಟ್ಟೆಯ ಪಕ್ಕದಲ್ಲೂ ಪುಸ್ತಕ ಇರಲೇಬೇಕು. ಹೋದ ಹುಟ್ಟುಹಬ್ಬಕ್ಕೆ ಅವಳಿಗೊಂದು ದಪ್ಪ ಕನ್ನಡ ಕಾದಂಬರಿ ಕೊಟ್ಟೆ. ಆರು ತಿಂಗಳ ನಂತರ ಹೋಗಿ ನೋಡಿದರೆ ಪುಟ ಗುರುತಿಸುವ ಚೀಟಿ ಇನ್ನೂ ಮೂರನೇ ಪುಟದಲ್ಲೇ ಇತ್ತು.

ತಪ್ಪು ಕಲ್ಪನೆ: ಓದುವ ಮಗು ಯಾವ ಭಾಷೆಯಲ್ಲಾದರೂ ಓದುತ್ತದೆ.

ಸತ್ಯ: ಓದಿನ ಮಟ್ಟ ಒಂದೊಂದು ಭಾಷೆಗೆ ಒಂದೊಂದು. ಹುಡುಗಿ ಮನೆಯಲ್ಲಿ ಪಟಪಟ ಕನ್ನಡ ಮಾತಾಡುತ್ತಾಳೆ, ಅರ್ಥಕ್ಕೇನೂ ಕೊರತೆಯಿಲ್ಲ. ತೊಡಕು ಇರುವುದು ಕಣ್ಣಿಗೆ. ‘ಸ್ವಾತಂತ್ರ್ಯ’ದಂಥ ಪದದಲ್ಲಿ ಒತ್ತಿನ ಕೆಳಗೆ ಒತ್ತು. ‘ಹೋಗಬೇಕಾಗಿದ್ದುದರಿಂದ’ ಎಂಬುದು ಬಾಯಲ್ಲಿ ಸಲೀಸು, ಪುಟದ ಮೇಲೆ ಗೂಡ್ಸ್ ರೈಲು. ಅದರ ಬಾಲ ಮುಟ್ಟುವಷ್ಟರಲ್ಲಿ ವಾಕ್ಯದ ಆರಂಭ ಮರೆತುಹೋಗಿರುತ್ತದೆ. ಆಗ ಮಗು ‘ಕತೆ ಬೋರು’ ಎನ್ನುತ್ತದೆ, ನಾವು ನಂಬುತ್ತೇವೆ.

ತಪ್ಪು ಕಲ್ಪನೆ: ರಕ್ಷಾಪುಟದಲ್ಲಿ ಅಚ್ಚಾದ ವಯಸ್ಸು ನೋಡಿ ಕೊಂಡರೆ ಸಾಕು.

ಸತ್ಯ: ವಯಸ್ಸು ಹೆಚ್ಚಾಗಿ ವಿಷಯಕ್ಕೆ ಸಂಬಂಧಿಸಿದ್ದು, ಭಾಷೆಯ ಕಷ್ಟಕ್ಕಲ್ಲ. ಅದನ್ನು ಅಳೆಯಲು ಐದು ಬೆರಳಿನ ಪರೀಕ್ಷೆಯಿದೆ. ನಡುವಿನ ಒಂದು ಪುಟ ತೆರೆದು ಮಗುವಿಗೆ ಓದಲು ಕೊಡಿ. ಎಡವಿದ ಪ್ರತಿ ಪದಕ್ಕೂ ಒಂದು ಬೆರಳು ಮಡಚಲಿ. ಎರಡು ಮೂರಾದರೆ ಪುಸ್ತಕ ಹಿಡಿಸುತ್ತದೆ. ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಅದನ್ನು ಕಪಾಟಿಗೇ ಮರಳಿಸಿ. ಈ ಸಲ ಅವಳನ್ನೇ ಅಂಗಡಿಗೆ ಕರೆದೊಯ್ದೆ. ಮೊದಲ ಪುಸ್ತಕದಲ್ಲಿ ಅರ್ಧ ಪುಟಕ್ಕೇ ಮುಷ್ಟಿ ಬಿಗಿಯಾಯಿತು. ತೇಜಸ್ವಿಯವರ ‘ಪರಿಸರದ ಕತೆ’ಯಲ್ಲಿ ಎರಡೇ ಬೆರಳು, ಅದೂ ನಗುತ್ತಾ. ಪುಟಕ್ಕೆ ನಾಲ್ಕೇ ಸಾಲಿರುವ ಪುಸ್ತಕವಾದರೆ ಈ ಲೆಕ್ಕ ನಡೆಯುವುದಿಲ್ಲ, ಸುಮಾರು ನೂರು ಪದ ಓದಿಸಬೇಕು. ಮಗು ಜೊತೆಗಿಲ್ಲವೇ? ಈಚೆಗೆ ತಾನಾಗಿ ಓದಿ ಮುಗಿಸಿದ ಕನ್ನಡ ಪುಸ್ತಕ ಯಾವುದೆಂದು ಅಮ್ಮನನ್ನು ಕೇಳಿ. ಪಠ್ಯಪುಸ್ತಕ ಲೆಕ್ಕಕ್ಕಿಲ್ಲ.

ಉಲ್ಟಾ ಸಂಗತಿಯೂ ಉಂಟು. ಆರು ವರ್ಷದ ಚುರುಕು ಮಗು ಹನ್ನೆರಡರವರ ಪುಸ್ತಕವನ್ನು ಒಂದು ಬೆರಳೂ ಮಡಚದೆ ಓದಬಹುದು. ಅದರಲ್ಲಿನ ಸಾವು, ದ್ರೋಹ ಅರಗುತ್ತದೆಯೇ ಎಂಬುದನ್ನು ಯಾವ ಬೆರಳೂ ಹೇಳದು. ಕೊಡುವವರೇ ಮೊದಲು ಓದಿರಬೇಕು.

ತಪ್ಪು ಕಲ್ಪನೆ: ಹತ್ತು ವರ್ಷದವಳಿಗೆ ಚಿತ್ರಪುಸ್ತಕ ಕೊಟ್ಟರೆ ಅವಮಾನ.

ಸತ್ಯ: ಪ್ರಥಮ್ ಬುಕ್ಸ್‌ನವರು ಮಕ್ಕಳ ಪುಸ್ತಕಗಳನ್ನು ಓದುವ ಶಕ್ತಿಗೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಮೊದಲ ಹಂತದ ಕತೆಯಲ್ಲಿ ಹೆಚ್ಚೆಂದರೆ 250 ಪದ. ಮೂರನೆಯದರಲ್ಲಿ 1,500ರವರೆಗೆ, ಚಿತ್ರಗಳ ಜೊತೆಗೇ. ಕನ್ನಡದಲ್ಲಿ ತಡವರಿಸುವ ದೊಡ್ಡ ಮಗುವಿಗೆ ಈ ಮೂರನೇ ಹಂತ ಹೇಳಿ ಮಾಡಿಸಿದಂತಿದೆ.

ಇನ್ನೊಂದು ಮಾತು: ಮಗು ಒಂದು ಪುಟ ಓದುವವರೆಗೂ ಒಳಪುಟದಲ್ಲಿ ‘ಪ್ರೀತಿಯಿಂದ’ ಎಂದು ಬರೆಯಬೇಡಿ, ಬಿಲ್ಲನ್ನೂ ಎಸೆಯಬೇಡಿ. ಬರೆದ ಪುಸ್ತಕವನ್ನು ಅಂಗಡಿಯವರು ಬದಲಿಸಿಕೊಡುವುದಿಲ್ಲ.