ಎಐ ಮಾಡೆಲ್‌ಗಳ ಅಂಕಪಟ್ಟಿಯನ್ನು ಎಷ್ಟು ನಂಬಬಹುದು?

ಹೊಸ ಎಐ ಭಾಷಾ ಮಾಡೆಲ್ ಬಿಡುಗಡೆಯಾದಾಗಲೆಲ್ಲ ಜೊತೆಗೊಂದು ಅಂಕಪಟ್ಟಿಯೂ ಬರುತ್ತದೆ. ಗಣಿತದಲ್ಲಿ ಇಷ್ಟು, ಸಾಮಾನ್ಯ ಜ್ಞಾನದಲ್ಲಿ ಇಷ್ಟು ಎಂದು. ‘ಬೆಂಚ್‌ಮಾರ್ಕ್’ ಎಂಬ ಸಿದ್ಧ ಪ್ರಶ್ನೆಗಳ ಗುಚ್ಛವನ್ನು ಮಾಡೆಲ್‌ಗೆ ಕೊಟ್ಟು ಈ ಅಂಕ ಹಾಕುತ್ತಾರೆ. ಆದರೆ ಇಂಥ ಗುಚ್ಛಗಳಲ್ಲಿ ಹೆಚ್ಚಿನವು ಉತ್ತರಸಮೇತ ಅಂತರ್ಜಾಲದಲ್ಲೇ ಇವೆ. ಮಾಡೆಲ್‌ಗಳು ಕಲಿಯುವುದೂ ಅಂತರ್ಜಾಲದಿಂದ ಬಾಚಿಕೊಂಡ ಪಠ್ಯದಿಂದಲೇ. ಹಾಗಾಗಿ ಪರೀಕ್ಷೆಯ ಪ್ರಶ್ನೆಗಳು ಕಲಿಕೆಯ ಪಠ್ಯದೊಳಗೆ ಸೇರಿಹೋಗುತ್ತವೆ. ಯಾರೂ ಬೇಕೆಂದೇ ಮೋಸ ಮಾಡದಿದ್ದರೂ ಪ್ರಶ್ನೆಪತ್ರಿಕೆ ಸೋರಿಕೆಯಾದ ಪರೀಕ್ಷೆಯ ಸ್ಥಿತಿಯೇ ಇಲ್ಲೂ ಆಗುತ್ತದೆ. ಇದನ್ನೇ ಬೆಂಚ್‌ಮಾರ್ಕ್ ಕಲಬೆರಕೆ ಎನ್ನುವುದು.

ಇದನ್ನು ಪತ್ತೆ ಹಚ್ಚುವುದು ಹೇಗೆಂಬುದಕ್ಕೆ ಒಂದು ಒಳ್ಳೆಯ ನಿದರ್ಶನವಿದೆ. 2021ರಲ್ಲಿ ಓಪನ್‌ಎಐ ಸಂಸ್ಥೆ ಜಿಎಸ್‌ಎಂ-8ಕೆ ಎಂಬ ಗುಚ್ಛವನ್ನು ಪ್ರಕಟಿಸಿತು. ಅದರಲ್ಲಿ ಶಾಲಾ ಮಟ್ಟದ ಸುಮಾರು 8,500 ವಾಕ್ಯರೂಪದ ಲೆಕ್ಕಗಳಿದ್ದವು. ‘ಆರು ಡಜನ್ ಬಾಳೆಹಣ್ಣು ತಂದು, 12 ಹಣ್ಣು ಮನೆಗೆ ಉಳಿಸಿಕೊಂಡು, ಮಿಕ್ಕವನ್ನು ತಲಾ 5 ರೂಪಾಯಿಗೆ ಮಾರಿದರೆ ಕೈಗೆ ಬಂದ ಹಣವೆಷ್ಟು?’ ಎಂಬಂಥ ಲೆಕ್ಕಗಳು. ಗುಣಿಸಿ 72, ಕಳೆದು 60, ಮತ್ತೆ ಗುಣಿಸಿ 300. ಕೆಲವೇ ವರ್ಷಗಳಲ್ಲಿ ಮಾಡೆಲ್‌ಗಳು ಇದರಲ್ಲಿ ಶೇ 90 ದಾಟಿದವು. ಅವು ನಿಜವಾಗಿ ಲೆಕ್ಕ ಮಾಡುತ್ತಿದ್ದವೇ, ಹಿಂದೆ ಓದಿದ ಉತ್ತರವನ್ನು ಒಪ್ಪಿಸುತ್ತಿದ್ದವೇ ಎಂಬುದು ಅಂಕ ನೋಡಿದರೆ ತಿಳಿಯುವುದಿಲ್ಲ.

2024ರಲ್ಲಿ ಸ್ಕೇಲ್ ಎಐ ಸಂಸ್ಥೆಯ ಸಂಶೋಧಕರು ಅದೇ ಬಗೆಯ ಸಾವಿರಕ್ಕೂ ಹೆಚ್ಚು ಹೊಸ ಲೆಕ್ಕಗಳನ್ನು ಮನುಷ್ಯರಿಂದಲೇ ಬರೆಸಿದರು. ಅದಕ್ಕೆ ಜಿಎಸ್‌ಎಂ-1ಕೆ ಎಂದು ಹೆಸರಿಟ್ಟರು. ಹೊಸ ಲೆಕ್ಕಗಳು ಹಳೆಯವಕ್ಕಿಂತ ಕಠಿಣವಾಗಿದ್ದರೆ ಅಂಕ ಇಳಿಯುವುದು ಸಹಜ; ಅದರಿಂದ ಏನೂ ಸಾಬೀತಾಗುವುದಿಲ್ಲ. ಆದ್ದರಿಂದ ಬಿಡಿಸಲು ಬೇಕಾದ ಹಂತಗಳೆಷ್ಟು, ಉತ್ತರದ ಸಂಖ್ಯೆ ಎಷ್ಟು ದೊಡ್ಡದು, ಎಷ್ಟು ಮಂದಿ ಸರಿಯಾಗಿ ಬಿಡಿಸುತ್ತಾರೆ ಎಂಬುದರಲ್ಲೆಲ್ಲ ಎರಡೂ ಗುಚ್ಛಗಳನ್ನು ಸರಿದೂಗಿಸಿದರು. ಪ್ರಶ್ನೆಗಳನ್ನು ಬಹಿರಂಗಪಡಿಸದೆ ತಮ್ಮಲ್ಲೇ ಇಟ್ಟುಕೊಂಡರು. ಇದೇ ‘ಕಾದಿಟ್ಟ ಪರೀಕ್ಷೆ’.

ಪರಿಷ್ಕೃತ ವರದಿಯ ಪ್ರಕಾರ ಕೆಲವು ಮಾಡೆಲ್‌ಗಳ ಅಂಕ ಶೇ 8ರವರೆಗೆ ಕುಸಿಯಿತು. ಮುಂಚೂಣಿಯ ಮಾಡೆಲ್‌ಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಹಳೆಯ ಪ್ರಶ್ನೆಗಳ ಪದಗಳನ್ನು ಒಂದು ಮಾಡೆಲ್ ಎಷ್ಟು ಸಲೀಸಾಗಿ ಊಹಿಸಬಲ್ಲದು ಎಂಬುದನ್ನೂ ಅಳೆದರು. ಸಲೀಸಾಗಿ ಊಹಿಸಿದವುಗಳಲ್ಲಿ ಕುಸಿತವೂ ಹೆಚ್ಚಾಗಿರುವ ಒಲವು ಕಂಡಿತು. ಆದರೆ ಸಂಬಂಧ ಪೂರ್ತಿ ಬಿಗಿಯಾಗಿರಲಿಲ್ಲ. ಅಂದರೆ ಕುಸಿತಕ್ಕೆ ಬಾಯಿಪಾಠವೊಂದೇ ಕಾರಣವಲ್ಲ. ಜೊತೆಗೆ, ಹೆಚ್ಚು ಕುಸಿದ ಮಾಡೆಲ್‌ಗಳೂ ಹೊಸ ಲೆಕ್ಕಗಳಲ್ಲಿ ಸಾಕಷ್ಟನ್ನು ಬಿಡಿಸಿದವು. ಕಲಬೆರಕೆ ಇದೆ ಎಂದ ಮಾತ್ರಕ್ಕೆ ಸಾಮರ್ಥ್ಯವೇ ಇಲ್ಲ ಎನ್ನಲಾಗದು. ಕಲಬೆರಕೆಯಿಂದ ಕೆಡುವುದು ಅಳತೆಗೋಲು.

ಪರೀಕ್ಷೆಯ ಪ್ರಶ್ನೆಗಳನ್ನು ಕಲಿಕೆಯ ಪಠ್ಯದಿಂದ ಸೋಸಿ ತೆಗೆಯಬಹುದಲ್ಲ ಎನ್ನಬಹುದು. ಕಂಪನಿಗಳು ಹಾಗೆ ಮಾಡುವುದುಂಟು: ಸಾಲಾಗಿ ಇಂತಿಷ್ಟು ಪದಗಳು ಹೊಂದಿಕೆಯಾದರೆ ಆ ಭಾಗವನ್ನು ತೆಗೆದುಹಾಕುತ್ತವೆ. ಆದರೆ ಬಾಳೆಹಣ್ಣು ಮಾವಿನಹಣ್ಣಾದರೆ, ವಾಕ್ಯ ಹಿಂದುಮುಂದಾದರೆ, ಅಥವಾ ಅದೇ ಲೆಕ್ಕ ಕನ್ನಡಕ್ಕೆ ಅನುವಾದವಾದರೆ ಈ ಜರಡಿಗೆ ಸಿಗುವುದಿಲ್ಲ. ಇಂಗ್ಲಿಷ್ ಗುಚ್ಛವನ್ನು ಅನುವಾದಿಸಿ ಕನ್ನಡದ ಪರೀಕ್ಷೆ ಎಂದು ಕರೆಯುವವರು ಇದನ್ನು ಗಮನಿಸಲೇಬೇಕು. ಕಾದಿಟ್ಟ ಪರೀಕ್ಷೆಗೂ ಆಯುಸ್ಸು ಕಡಿಮೆ. ಕಂಪನಿಯ ಸರ್ವರ್‌ನಲ್ಲಿರುವ ಮಾಡೆಲ್‌ಗೆ ಪ್ರಶ್ನೆ ಕಳಿಸಿದೊಡನೆ ಅದು ಕಂಪನಿಯ ಕೈ ಸೇರಿದಂತೆಯೇ. ಅದೇ ಗುಚ್ಛದಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ, ಹೆಚ್ಚು ಅಂಕ ಬಂದ ಆವೃತ್ತಿಯನ್ನೇ ಆಯ್ದರೂ ಪರೀಕ್ಷೆ ನಿಧಾನವಾಗಿ ಸವೆಯುತ್ತದೆ. ಹಾಗಾಗಿ ಹೊಸ ಪ್ರಶ್ನೆಗಳನ್ನು ಆಗಾಗ ಬರೆಸುತ್ತಲೇ ಇರಬೇಕು.

ಇನ್ನೊಂದು ದಾರಿ ಮನುಷ್ಯರ ತೀರ್ಪು. 2023ರಲ್ಲಿ ಶುರುವಾದ ಚಾಟ್‌ಬಾಟ್ ಅರೀನಾದಲ್ಲಿ ಜನ ತಮಗೆ ಬೇಕಾದ ಪ್ರಶ್ನೆ ಕೇಳಿ, ಹೆಸರು ಮುಚ್ಚಿದ ಎರಡು ಉತ್ತರಗಳಲ್ಲಿ ಒಂದಕ್ಕೆ ಮತ ಹಾಕುತ್ತಾರೆ. ಇಲ್ಲಿ ಮೊದಲೇ ಸೋರಿಕೆಯಾಗಲು ನಿಗದಿತ ಪ್ರಶ್ನೆಪಟ್ಟಿಯೇ ಇಲ್ಲ. ಆದರೆ ಉದ್ದವಾದ, ಅಂದವಾಗಿ ಜೋಡಿಸಿದ ಉತ್ತರಕ್ಕೆ ಮತ ಹೆಚ್ಚು ಬೀಳುತ್ತದೆ. 2025ರ ಏಪ್ರಿಲ್‌ನಲ್ಲಿ ಮೆಟಾ ಕಂಪನಿಯು ಸಂಭಾಷಣೆಗೆಂದೇ ಹದಗೊಳಿಸಿದ ಪ್ರಾಯೋಗಿಕ ಆವೃತ್ತಿಯೊಂದರಿಂದ ಅಲ್ಲಿ ಮೇಲಿನ ಸ್ಥಾನ ಪಡೆಯಿತು. ಜನರ ಬಳಕೆಗೆ ಬಿಟ್ಟ ಲಾಮಾ-4 ಆವೃತ್ತಿ ಬೇರೆಯಾಗಿತ್ತು, ಅದರ ಸ್ಥಾನವೂ ಬಹಳ ಕೆಳಗಿತ್ತು. ಜನಕ್ಕೆ ಹಿಡಿಸುವುದು ಬೇರೆ, ಉತ್ತರ ಸರಿಯಾಗಿರುವುದು ಬೇರೆ. ಸರಿತಪ್ಪು ತೂಗಲು ವಿಷಯ ಬಲ್ಲವರು ಬೇಕು. ಕನ್ನಡದ ಉತ್ತರಕ್ಕೆ ಕನ್ನಡ ಬಲ್ಲವರೇ ಬೇಕು. ಕನಿಷ್ಠ ಇಬ್ಬರು, ಯಾವ ಮಾಡೆಲ್ ಎಂದು ತಿಳಿಯದೆ, ಒಬ್ಬರ ತೀರ್ಪು ಇನ್ನೊಬ್ಬರಿಗೆ ಕಾಣದಂತೆ ಅಂಕ ಹಾಕಬೇಕು. ಅವರಿಬ್ಬರ ನಡುವೆ ಎಷ್ಟು ಒಮ್ಮತವಿತ್ತು ಎಂಬುದನ್ನೂ ಪ್ರಕಟಿಸಬೇಕು.

ಮುಂದಿನ ಸಲ ಇಂಥ ಅಂಕ ಕಣ್ಣಿಗೆ ಬಿದ್ದಾಗ ಮೂರು ವಿಷಯ ಕೇಳಿ: ಪ್ರಶ್ನೆ ಬರೆದದ್ದು ಯಾವಾಗ, ಅದು ಯಾರ ಬಳಿ ಇತ್ತು, ಉತ್ತರಕ್ಕೆ ಅಂಕ ಹಾಕಿದವರು ಯಾರು? ಈ ಮೂರಕ್ಕೂ ಉತ್ತರವಿಲ್ಲದ ಅಂಕವನ್ನು ಜಾಹೀರಾತೆಂದೇ ತಿಳಿಯಿರಿ.