ಕಾಣದ ಕಂಪನ, ಕಾಣುವ ಏರಿಳಿತ: ಡಿಜಿಟಲ್ ನಿಯಂತ್ರಣದಲ್ಲಿ ಹುಸಿ ಆವೃತ್ತಿ

ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.53 ದಿನ. ಒಬ್ಬಾತ ಪ್ರತಿ 30 ದಿನಕ್ಕೊಮ್ಮೆ ಮಾತ್ರ ಚಂದ್ರನನ್ನು ನೋಡುತ್ತಾನೆಂದು ಭಾವಿಸೋಣ. ಮೊದಲ ಸಲ ಹುಣ್ಣಿಮೆ ಕಂಡವನಿಗೆ ಮುಂದಿನ ಸಲ ಅರ್ಧ ದಿನದಷ್ಟು ಮಾತ್ರ ಮುಂದೆ ಹೋದ ಚಂದ್ರ ಕಾಣುತ್ತಾನೆ. ಅದರ ಮುಂದಿನ ಸಲ ಮತ್ತೆ ಅರ್ಧ ದಿನದಷ್ಟು. ಅವನ ಟಿಪ್ಪಣಿ ಪುಸ್ತಕದ ಪ್ರಕಾರ ಚಂದ್ರ ಹುಣ್ಣಿಮೆಯಿಂದ ಅಮಾವಾಸ್ಯೆಗೆ ಹೋಗಿ ಮತ್ತೆ ಹುಣ್ಣಿಮೆಗೆ ಬರಲು ಐದು ವರ್ಷಕ್ಕೂ ಹೆಚ್ಚು ಬೇಕು! ಬರೆದುಕೊಂಡ ಒಂದೊಂದು ಅಂಶವೂ ನಿಜ. ಆದರೆ ಅವುಗಳನ್ನು ಜೋಡಿಸಿದಾಗ ಮೂಡಿದ ನಿಧಾನ ಚಲನೆ ಮಾತ್ರ ಹುಸಿ.

ವೇಗವಾಗಿ ಬದಲಾಗುವ ಸಂಕೇತವನ್ನು ವಿರಳವಾಗಿ ಅಳೆದಾಗ ಅದು ನಿಧಾನವಾದ ಮತ್ತೊಂದು ಸಂಕೇತದ ವೇಷ ತೊಡುವುದಕ್ಕೆ ಅಲಿಯಾಸಿಂಗ್ ಎಂದು ಹೆಸರು. ಇಲ್ಲಿ ಅದನ್ನು ‘ಹುಸಿ ಆವೃತ್ತಿ’ ಎನ್ನೋಣ. ಸಂಕೇತದ ಆವೃತ್ತಿ f, ಅಳೆಯುವ ದರ (ಸ್ಯಾಂಪ್ಲಿಂಗ್ ದರ) f_s ಆದರೆ ಹುಸಿ ಆವೃತ್ತಿ ಹೀಗಿರುತ್ತದೆ:

f_a = | f − n·f_s |

ಇಲ್ಲಿ n ಎಂಬುದು f_a ಯನ್ನು ಅತಿ ಚಿಕ್ಕದಾಗಿಸುವ ಪೂರ್ಣಾಂಕ. ಸ್ಯಾಂಪ್ಲಿಂಗ್ ದರದ ಅರ್ಧಕ್ಕಿಂತ ಹೆಚ್ಚಿನ ಆವೃತ್ತಿಯೆಲ್ಲ ಹೀಗೆ ಮಡಚಿಕೊಂಡು ಕೆಳಗೆ ಬಂದು ಕೂರುತ್ತದೆ. ಈ ಅರ್ಧದ ಗಡಿಯನ್ನು ಹ್ಯಾರಿ ನೈಕ್ವಿಸ್ಟ್ ಹೆಸರಿನಿಂದ ಕರೆಯುವುದು ವಾಡಿಕೆ. ಧ್ವನಿ ಮುದ್ರಣದಲ್ಲಾದರೆ ಹುಸಿ ಆವೃತ್ತಿ ಕಿವಿಗೆ ಕಿರಿಕಿರಿ ಮಾಡಿ ಸುಮ್ಮನಾಗುತ್ತದೆ. ನಿಯಂತ್ರಣ ವ್ಯವಸ್ಥೆಯಲ್ಲಿ ಹಾಗಲ್ಲ. ಅಲ್ಲಿ ಹುಸಿಯನ್ನು ನಂಬಿ ಯಂತ್ರ ನಿಜವಾಗಿ ಚಲಿಸುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಕೋಟೆಯ ನೆತ್ತಿಯಿಂದ ಕಣ್ಣು ಹಾಯಿಸಿದರೆ ಕಾಡಿನ ನಡುವೆ ವಾರಾಹಿ ಯೋಜನೆಯ ಹಿನ್ನೀರು ಕಾಣುತ್ತದೆ. ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟಿನ ಹಿಂದೆ ನಿಂತ ನೀರು ಘಟ್ಟದ ಬುಡದಲ್ಲಿ, ಉಡುಪಿ ಜಿಲ್ಲೆಯ ಹೊಸಂಗಡಿಯ ಭೂಗತ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಅಲ್ಲಿ ತಲಾ 115 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲೆರಡು 1989 ಮತ್ತು 1990ರಲ್ಲಿ, ಉಳಿದೆರಡು 2009ರಲ್ಲಿ ಆರಂಭವಾದವು. ಇಂಥ ಗಾತ್ರದ ಒಂದು ಘಟಕವನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಮಾಡೋಣ. ಮುಂದೆ ಬರುವ ಕೊಳವೆಯ ಅಳತೆ, ಸೆಕೆಂಡುಗಳು ಮತ್ತು ಫಿಲ್ಟರ್‌ನ ಬೆಲೆಗಳನ್ನು ಲೆಕ್ಕಕ್ಕೆಂದು ನಾವೇ ಆರಿಸಿಕೊಂಡಿದ್ದೇವೆ; ಅವು ಹೊಸಂಗಡಿಯ ನಿಯಂತ್ರಣ ಕೊಠಡಿಯ ಅಂಕಿಗಳಲ್ಲ.

ಘಟಕ ಎಷ್ಟು ಮೆಗಾವಾಟ್ ಕೊಡುತ್ತಿದೆ ಎಂಬುದನ್ನು ಒಂದು ಸಂವೇದಕ ಅಳೆದು, 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಪ್ರವಾಹವಾಗಿ ಗವರ್ನರ್‌ಗೆ ಕಳುಹಿಸುತ್ತದೆ. ಗವರ್ನರ್ ಅದನ್ನು ಬೇಕಾದ ಮೆಗಾವಾಟ್‌ನೊಂದಿಗೆ ಹೋಲಿಸಿ ಟರ್ಬೈನಿನ ಗೇಟನ್ನು ಹೆಚ್ಚು ಅಥವಾ ಕಡಿಮೆ ತೆರೆಯುತ್ತದೆ. ಅಳತೆ, ಹೋಲಿಕೆ, ಗೇಟು, ನೀರು, ಮತ್ತೆ ಅಳತೆ. ಇದೊಂದು ಮುಚ್ಚಿದ ಕುಣಿಕೆ. ಈ ಕುಣಿಕೆ ಎಷ್ಟು ವೇಗದ ಬದಲಾವಣೆಯನ್ನು ಹಿಂಬಾಲಿಸಬಲ್ಲದೋ ಅದೇ ಅದರ ಬ್ಯಾಂಡ್‌ವಿಡ್ತ್.

ಇಲ್ಲಿ ಆ ಮಿತಿಯನ್ನು ಹಾಕುವುದು ಗಣಕವಲ್ಲ, ನೀರು. ಗೇಟನ್ನು ದಿಢೀರನೆ ತೆರೆದರೆ ಕೊಳವೆಯಲ್ಲಿರುವ ನೀರಿನ ರಾಶಿ ತಕ್ಷಣ ವೇಗ ಹೆಚ್ಚಿಸಿಕೊಳ್ಳಲಾರದು. ಟರ್ಬೈನಿನ ಬಳಿ ಒತ್ತಡ ಕುಸಿಯುತ್ತದೆ. ಹಾಗಾಗಿ ಹೆಚ್ಚಬೇಕಾದ ವಿದ್ಯುತ್ತು ಒಂದು ಕ್ಷಣ ಕಡಿಮೆಯಾಗಿ ಆಮೇಲೆ ಏರುತ್ತದೆ. ಈ ಜಡತ್ವದ ಅಳತೆಗೋಲು ‘ಜಲಾರಂಭ ಕಾಲ’:

T_w = L·V / (g·H)

ಕೊಳವೆಯ ಉದ್ದ 1000 ಮೀಟರ್, ನೀರಿನ ವೇಗ ಸೆಕೆಂಡಿಗೆ 4.5 ಮೀಟರ್, ಎತ್ತರ 450 ಮೀಟರ್ ಎಂದುಕೊಂಡರೆ ಇದು ಸುಮಾರು 1 ಸೆಕೆಂಡು. ಗವರ್ನರ್ ಅವಸರ ಮಾಡಿದರೆ ಆ ಉಲ್ಟಾ ಪ್ರತಿಕ್ರಿಯೆಯನ್ನೇ ಕಂಡು ಗೇಟನ್ನು ಇನ್ನಷ್ಟು ತೆರೆಯುತ್ತದೆ, ಕುಣಿಕೆ ತೂಗಾಡತೊಡಗುತ್ತದೆ. ಆದ್ದರಿಂದ ಕುಣಿಕೆಯ ಬ್ಯಾಂಡ್‌ವಿಡ್ತನ್ನು 1/T_w ನ ಅರ್ಧದಷ್ಟಕ್ಕೆ, ಅಂದರೆ ಸೆಕೆಂಡಿಗೆ 0.5 ರೇಡಿಯನ್‌ಗೆ ಇಳಿಸುತ್ತಾರೆ. ಇದು ಸುಮಾರು 0.08 ಹರ್ಟ್ಸ್. ಹನ್ನೆರಡು ಸೆಕೆಂಡಿಗೊಂದು ಸುತ್ತಿನಷ್ಟು ನಿಧಾನ.

ಸ್ಯಾಂಪ್ಲಿಂಗ್ ದರ ಬ್ಯಾಂಡ್‌ವಿಡ್ತ್‌ನ 20ರಿಂದ 30 ಪಟ್ಟು ಇರಲಿ ಎಂಬುದು ಪಠ್ಯಪುಸ್ತಕಗಳ ಸಾಮಾನ್ಯ ಸೂತ್ರ. ಅದರಂತೆ 0.4 ಸೆಕೆಂಡಿಗೊಮ್ಮೆ, ಅಂದರೆ 2.5 ಹರ್ಟ್ಸ್ ದರದಲ್ಲಿ ಅಳೆದರೆ 30 ಪಟ್ಟಾಯಿತು. ಸೂತ್ರದ ಪ್ರಕಾರ ಸಾಕೋ ಸಾಕು. ತೊಡಕು ಬರುವುದು ಈ ಸೂತ್ರ ಲೆಕ್ಕಕ್ಕೆ ತೆಗೆದುಕೊಳ್ಳದ ಕಡೆಯಿಂದ. ಸಂವೇದಕದ ತಂತಿ ದಪ್ಪ ವಿದ್ಯುತ್ ಕೇಬಲ್‌ಗಳ ಪಕ್ಕದಲ್ಲೇ ಹಾದುಬಂದು ಪೂರ್ಣ ವ್ಯಾಪ್ತಿಯ ಶೇಕಡ 1ರಷ್ಟು 50 ಹರ್ಟ್ಸ್ ಗುಂಯ್‌ಗಾನವನ್ನು ಹೊತ್ತು ತಂದಿದೆ ಎನ್ನಿ. ಮೆಗಾವಾಟ್ ಲೆಕ್ಕದಲ್ಲಿ ಅದು 1.15. ಇಷ್ಟು ವೇಗದ ಕಂಪನಕ್ಕೆ ನೀರೂ ಗೇಟೂ ಸ್ಪಂದಿಸುವುದಿಲ್ಲ, ಬಿಡಿ ಎನ್ನಬಹುದೇ?

ಜಾಲದ ಆವೃತ್ತಿ ಸದಾ 50ರಲ್ಲೇ ನಿಂತಿರುವುದಿಲ್ಲ. ನಮ್ಮ ದೇಶದಲ್ಲಿ ಅದಕ್ಕೆ ನಿಗದಿಯಾದ ವ್ಯಾಪ್ತಿ 49.90ರಿಂದ 50.05 ಹರ್ಟ್ಸ್. ಅದು 49.95ರಲ್ಲಿ ಇರುವಾಗ ಲೆಕ್ಕ ಹಾಕಿ: 2.5ರ ಇಪ್ಪತ್ತು ಪಟ್ಟು 50, ವ್ಯತ್ಯಾಸ 0.05 ಹರ್ಟ್ಸ್. ಅಂದರೆ 20 ಸೆಕೆಂಡಿನ ಒಂದು ನಿಧಾನ ಅಲೆ, ಸರಿಯಾಗಿ ಕುಣಿಕೆಯ ಬ್ಯಾಂಡ್‌ವಿಡ್ತ್‌ನ ಒಳಗೆ! ಮಡಚಿಕೊಂಡಾಗ ಅಲೆಯ ಎತ್ತರ ಕುಗ್ಗುವುದೂ ಇಲ್ಲ. ಘಟಕ 1.15 ಮೆಗಾವಾಟ್ ಮೇಲೆ ಕೆಳಗೆ ತೂಗುತ್ತಿದೆ ಎಂದು ಗವರ್ನರ್ ನಂಬುತ್ತದೆ. ಸರಿಪಡಿಸಲೆಂದು ಗೇಟನ್ನು ಆಡಿಸುತ್ತದೆ. ಈಗ ಘಟಕ ನಿಜವಾಗಿಯೂ ತೂಗುತ್ತದೆ. ಪರದೆಯ ಮೇಲೆ ಏರಿಳಿತ ಕಂಡ ಸಿಬ್ಬಂದಿ ಗವರ್ನರ್‌ನ ಗುಣಾಂಕಗಳನ್ನು ತಿದ್ದಲು ಹೊರಡುವುದು ಸಹಜ. ಆದರೆ ತಪ್ಪು ಅಲ್ಲಿಲ್ಲ.

ನಿಜವಾದ ತೂಗಾಟವೋ ಹುಸಿಯೋ ಎಂದು ತಿಳಿಯುವುದು ಹೇಗೆ? ಎರಡು ಗುರುತುಗಳಿವೆ. ಮೊದಲನೆಯದು, ಹುಸಿ ಅಲೆಯ ಅವಧಿ ಜಾಲದ ಆವೃತ್ತಿಯೊಂದಿಗೆ ಬದಲಾಗುತ್ತದೆ. 49.90ಕ್ಕೆ ಇಳಿದಾಗ 10 ಸೆಕೆಂಡು, 49.95ರಲ್ಲಿ 20 ಸೆಕೆಂಡು, ಸರಿಯಾಗಿ 50ಕ್ಕೆ ಬಂದಾಗ ಅಲೆಯೇ ನಿಂತು ಒಂದು ಸ್ಥಿರ ತಪ್ಪಾಗಿ ಉಳಿಯುತ್ತದೆ. ನೀರಿನ ತೂಗಾಟಕ್ಕೆ ಜಾಲದ ಈ ಸಣ್ಣ ಬದಲಾವಣೆಯ ಪರಿವೆ ಇರದು. ಎರಡನೆಯ ಗುರುತು ಇನ್ನೂ ಖಚಿತ. ಅಳೆಯುವ ಅವಧಿಯನ್ನು 0.40ರಿಂದ 0.39 ಸೆಕೆಂಡಿಗೆ ಬದಲಿಸಿ. ದರ 2.564 ಹರ್ಟ್ಸ್ ಆಗುತ್ತದೆ. ಅದರ 19 ಪಟ್ಟು 48.72. ಹುಸಿ ಆವೃತ್ತಿ 0.05ರಿಂದ ಥಟ್ಟನೆ 1.23 ಹರ್ಟ್ಸ್‌ಗೆ ಹಾರುತ್ತದೆ. ನಿಜವಾದ 20 ಸೆಕೆಂಡಿನ ಅಲೆಯಾಗಿದ್ದರೆ ಅದು ಇದ್ದಲ್ಲೇ ಇರುತ್ತಿತ್ತು.

ಅಳೆದಾದ ಮೇಲೆ ಪ್ರೋಗ್ರಾಮ್‌ನಲ್ಲೇ ಸೋಸಿದರಾಗದೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಆಗದು. 0.4 ಸೆಕೆಂಡಿಗೊಂದರಂತೆ ಸಿಕ್ಕ ಅಂಕಿಗಳಲ್ಲಿ 49.95 ಹರ್ಟ್ಸ್‌ನ ಗುಂಯ್‌ಗಾನಕ್ಕೂ 0.05 ಹರ್ಟ್ಸ್‌ನ ನಿಜವಾದ ಏರಿಳಿತಕ್ಕೂ ಯಾವ ವ್ಯತ್ಯಾಸವೂ ಉಳಿದಿರುವುದಿಲ್ಲ. ಒಂದನ್ನು ಅಳಿಸಿದರೆ ಇನ್ನೊಂದೂ ಅಳಿಯುತ್ತದೆ. ಸೋಸುವುದು ಅಳೆಯುವ ಮೊದಲೇ ಆಗಬೇಕು.

ಹಾಗಾದರೆ ಮುಂಭಾಗದಲ್ಲಿ ಒಂದು ರೋಧಕ, ಒಂದು ಧಾರಕ ಸೇರಿಸಿ 0.5 ಹರ್ಟ್ಸ್‌ನ ಸರಳ ಫಿಲ್ಟರ್ ಇಡೋಣ. 50 ಹರ್ಟ್ಸ್ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಗುಂಯ್‌ಗಾನದ ಮಟ್ಟಿಗೆ ಗೆದ್ದಂತೆ. ಆದರೆ ಫಿಲ್ಟರ್ ಪುಕ್ಕಟೆ ಅಲ್ಲ, ಅದು ಸಂಕೇತವನ್ನು ತಡಮಾಡುತ್ತದೆ. ಈ ಫಿಲ್ಟರ್‌ನ ತಡ 0.32 ಸೆಕೆಂಡು. ಒಂದು ಅಳತೆಯಿಂದ ಮುಂದಿನ ಅಳತೆಯವರೆಗೆ ಆಜ್ಞೆಯನ್ನು ಹಿಡಿದಿಡುವುದರಿಂದ ಸರಾಸರಿ ಅರ್ಧ ಅವಧಿ, 0.2 ಸೆಕೆಂಡು. ಲೆಕ್ಕದ ಫಲವನ್ನು ಮುಂದಿನ ಅಳತೆಯ ಹೊತ್ತಿಗೆ ಹೊರಬಿಡುವ ಪದ್ಧತಿಯಾದರೆ ಇನ್ನೂ 0.4. ಒಟ್ಟು 0.92 ಸೆಕೆಂಡು. ಸೆಕೆಂಡಿಗೆ 0.5 ರೇಡಿಯನ್ ಇರುವ ನಮ್ಮ ಕುಣಿಕೆಯಲ್ಲಿ ಇದು 0.46 ರೇಡಿಯನ್, ಅಂದರೆ 26 ಡಿಗ್ರಿಯ ಹಿಂಬೀಳು. ಕುಣಿಕೆ ತೂಗಾಡದಂತೆ ಕಾಯ್ದಿಟ್ಟ ಅಂತರ 60 ಡಿಗ್ರಿ ಇದ್ದರೆ ಅದರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಇಲ್ಲೇ ಖರ್ಚಾಯಿತು. 30 ಪಟ್ಟು ಎಂಬ ಸೂತ್ರ ಫಿಲ್ಟರ್‌ನ ಈ ಪಾಲನ್ನು ಹೇಳುವುದಿಲ್ಲ. ಅಷ್ಟೇ ಅಲ್ಲ. ಮಿನಿಟಿಗೆ 300 ಸುತ್ತು ತಿರುಗುವ ಯಂತ್ರದಲ್ಲಿ ಸುತ್ತಿಗೊಮ್ಮೆ ಬರುವ 5 ಹರ್ಟ್ಸ್ ಕಂಪನವೂ 2.5ರ ಎರಡು ಪಟ್ಟು. ಅದನ್ನು ಈ ಫಿಲ್ಟರ್ ಹತ್ತರಲ್ಲೊಂದು ಪಾಲಿಗೆ ಮಾತ್ರ ಇಳಿಸುತ್ತದೆ. ಉಳಿದದ್ದು ಮಡಚಿಕೊಂಡು ತೀರ ನಿಧಾನದ ಅಲೆಯಾಗುತ್ತದೆ.

ಇದಕ್ಕಿಂತ ಮೇಲಾದ ದಾರಿ ಅಳೆಯುವ ದರವನ್ನೂ ನಿಯಂತ್ರಿಸುವ ದರವನ್ನೂ ಬೇರೆಬೇರೆ ಇಡುವುದು. 10 ಕಿಲೋಓಮ್ ರೋಧಕ, 1 ಮೈಕ್ರೋಫ್ಯಾರಡ್ ಧಾರಕದ ಚಿಕ್ಕ ಫಿಲ್ಟರ್ ಇಟ್ಟರೆ ಅದರ ಅಂಚು 16 ಹರ್ಟ್ಸ್, ತಡ 0.01 ಸೆಕೆಂಡು. ಅದರ ಮುಂದೆ ಸೆಕೆಂಡಿಗೆ 1000 ಸಲ ಅಳೆಯಿರಿ. ಈಗ ಕುಣಿಕೆಯೊಳಗೆ ಮಡಚಿ ಬರಬಲ್ಲದ್ದು 1000 ಹರ್ಟ್ಸ್‌ನ ಆಸುಪಾಸಿನದು ಮತ್ತು ಅದರ ಗುಣಕಗಳು ಮಾತ್ರ. 1000 ಹರ್ಟ್ಸನ್ನು ಈ ಚಿಕ್ಕ ಫಿಲ್ಟರೇ ಅರವತ್ತರಲ್ಲೊಂದು ಪಾಲಿಗೆ ಇಳಿಸುತ್ತದೆ. 50 ಹರ್ಟ್ಸ್ ಈಗ 50 ಹರ್ಟ್ಸ್ ಆಗಿಯೇ ಕಾಣುತ್ತದೆ, ವೇಷ ತೊಟ್ಟಿಲ್ಲ. ಹಾಗಾಗಿ ಅದನ್ನು ಪ್ರೋಗ್ರಾಮ್‌ನಲ್ಲಿ ತೆಗೆಯಬಹುದು. ಕಳೆದ 200 ಅಂಕಿಗಳ ಸರಾಸರಿ ತೆಗೆದುಕೊಳ್ಳಿ. 0.2 ಸೆಕೆಂಡಿನಲ್ಲಿ 50 ಹರ್ಟ್ಸ್‌ನ ಹತ್ತು ಪೂರ್ಣ ಸುತ್ತು, 5 ಹರ್ಟ್ಸ್‌ನ ಒಂದು ಪೂರ್ಣ ಸುತ್ತು. ಎರಡರ ಸರಾಸರಿಯೂ ಸೊನ್ನೆ. ಜಾಲ 49.95ರಲ್ಲಿದ್ದರೆ ಸಂಪೂರ್ಣ ಸೊನ್ನೆಯಾಗದು, ಸಾವಿರದಲ್ಲೊಂದು ಪಾಲು ಉಳಿಯುತ್ತದೆ. ಚಿಕ್ಕ ಫಿಲ್ಟರ್ ಮೊದಲೇ ಮೂರು ಪಟ್ಟಿಗಿಂತ ಹೆಚ್ಚು ಇಳಿಸಿರುವುದರಿಂದ 1.15 ಮೆಗಾವಾಟ್ ಇದ್ದದ್ದು ಸುಮಾರು 0.35 ಕಿಲೋವಾಟ್‌ಗೆ ಬಂದು ನಿಲ್ಲುತ್ತದೆ.

ಈ ಸರಾಸರಿಯನ್ನು 0.1 ಸೆಕೆಂಡಿಗೊಮ್ಮೆ ಗವರ್ನರ್‌ಗೆ ಕೊಡಿ. ಇದೂ ಒಂದು ಸ್ಯಾಂಪ್ಲಿಂಗ್ ಎಂಬುದನ್ನು ಮರೆಯಬಾರದು. ಇಲ್ಲಿ 10, 20, 30 ಹರ್ಟ್ಸ್‌ಗಳು ಮಡಚಿಕೊಂಡು ಸೊನ್ನೆಯ ಬಳಿ ಬರುವಂಥವು. ಅನುಕೂಲವೆಂದರೆ 0.2 ಸೆಕೆಂಡಿನ ಸರಾಸರಿ ಸರಿಯಾಗಿ ಈ ಆವೃತ್ತಿಗಳನ್ನೇ ಅಳಿಸುತ್ತದೆ. ತಡದ ಲೆಕ್ಕ: ಚಿಕ್ಕ ಫಿಲ್ಟರ್ 0.01, ಸರಾಸರಿ 0.10, ಹಿಡಿದಿಡುವಿಕೆ 0.05, ಲೆಕ್ಕಕ್ಕೆ 0.02, ಒಟ್ಟು 0.18 ಸೆಕೆಂಡು. ಹಿಂಬೀಳು 26ರಿಂದ ಸುಮಾರು 5 ಡಿಗ್ರಿಗೆ ಇಳಿಯಿತು. ನಿಯಂತ್ರಣ ದರ ಈಗ ಬ್ಯಾಂಡ್‌ವಿಡ್ತ್‌ನ 125 ಪಟ್ಟು.

ಹಾಗಿದ್ದರೆ ನಿಯಂತ್ರಣವನ್ನೂ ಸೆಕೆಂಡಿಗೆ 1000 ಸಲ ಮಾಡಬಾರದೇಕೆ? ಗವರ್ನರ್‌ನಲ್ಲಿ ಬದಲಾವಣೆಯ ದರವನ್ನು ನೋಡುವ ಭಾಗವೂ ಸಾಮಾನ್ಯವಾಗಿ ಇರುತ್ತದೆ. 12 ಬಿಟ್‌ನ ಪರಿವರ್ತಕದಲ್ಲಿ 115 ಮೆಗಾವಾಟ್ 4096 ಮೆಟ್ಟಿಲುಗಳಾಗಿ ಹಂಚಿಹೋದರೆ ಒಂದು ಮೆಟ್ಟಿಲು 0.028 ಮೆಗಾವಾಟ್. ಕೊನೆಯ ಬಿಟ್ ಒಮ್ಮೆ ಮಿಡುಕಿದರೆ 0.1 ಸೆಕೆಂಡಿನ ಅವಧಿಯಲ್ಲಿ ಅದು ಸೆಕೆಂಡಿಗೆ 0.28 ಮೆಗಾವಾಟ್‌ನಂತೆ ಕಾಣುತ್ತದೆ, ಸೆಕೆಂಡಿನ ಸಾವಿರದೊಂದು ಭಾಗದಲ್ಲಿ 28 ಮೆಗಾವಾಟ್‌ನಂತೆ. ಗೇಟಿನ ಎಣ್ಣೆಯಂತ್ರ ವಿನಾಕಾರಣ ನಡುಗುತ್ತಾ ಸವೆಯುತ್ತದೆ. ನೀರು ಹನ್ನೆರಡು ಸೆಕೆಂಡಿನ ಲಯದಲ್ಲಿ ಇರುವಾಗ ಇಷ್ಟು ಅವಸರದಿಂದ ಸಿಗುವ ಲಾಭವಂತೂ ಉಳಿದ ಕೆಲವೇ ಡಿಗ್ರಿ.

0.2 ಸೆಕೆಂಡಿನ ಸರಾಸರಿಯ ಸೊಗಸು ಯಂತ್ರ ಜಾಲದೊಂದಿಗೆ ಹೆಜ್ಜೆ ಹಾಕುತ್ತಿರುವವರೆಗೆ ಮಾತ್ರ. ಹೊರೆ ಹಠಾತ್ತನೆ ಕಳಚಿಕೊಂಡು ವೇಗ ಶೇಕಡ 20ರಷ್ಟು ಏರಿತೆನ್ನಿ. ಸುತ್ತಿಗೊಮ್ಮೆ ಬರುವ ಕಂಪನ 6 ಹರ್ಟ್ಸ್ ಆಗುತ್ತದೆ, ಸರಾಸರಿಯಿಂದ ಅದರ ಶೇಕಡ 16ರಷ್ಟು ನುಸುಳಿ ಬರುತ್ತದೆ. 10 ಹರ್ಟ್ಸ್ ದರದಲ್ಲಿ ಅದು ತೊಡುವ ವೇಷ 4 ಹರ್ಟ್ಸ್. ಕುಣಿಕೆಯ 0.08 ಹರ್ಟ್ಸ್‌ನಿಂದ ಅದು ಬಹುದೂರ, ಆದ್ದರಿಂದ ಗೇಟು ಅದಕ್ಕೆ ಹೆಚ್ಚೇನೂ ಕಿವಿಗೊಡುವುದಿಲ್ಲ. ನಿಯಂತ್ರಣ ದರವನ್ನು 6 ಹರ್ಟ್ಸ್ ಎಂದು ಆರಿಸಿದ್ದರೆ ಅದೇ ಕಂಪನ ನೇರ ಸೊನ್ನೆಯ ಬಳಿ ಬಂದು ಕೂರುತ್ತಿತ್ತು.